ಕಡಲಿಗೆ ತಳವುಂಟೆ?

ರಾಯಚೂರು ಜಿಲ್ಲೆಯ ಮಸ್ಕಿ ತಾಲೂಕಿನಲ್ಲಿ ಪಾಮನಕಲ್ಲೂರು ಎಂಬ ಊರಿರುವುದು. ಕೃಷ್ಣೆ ತುಂಗಭದ್ರೆಗಳ ನಡುವಣ ಬಯಲುಸೀಮೆ ಅದು. ಸಮುದ್ರದ ಮಟ್ಟಕ್ಕಿಂತ ಸುಮಾರು 400 ಮೀಟರು ಎತ್ತರದಲ್ಲಿದೆ. ಅತಿ ಸಮೀಪದ ಕಡಲತಡಿಯನ್ನು ನೆಟ್ಟನೆಯ ಗೆರೆ ಎಳೆದು ಅಳೆದರೂ ಸುಮಾರು 300 ಕಿಲೋಮೀಟರು ಆಗುವುದು. ಇಂಥ ಊರಿನಲ್ಲಿ ಕಡಲಿನ ಮಾತು ಬರುವುದಕ್ಕೆ ಕಾರಣವೇನೆಂದು ವಾಚಕರು ಕೇಳಬಹುದು. ಮಳೆ ಕೈಕೊಟ್ಟ ವರ್ಷಗಳಲ್ಲಿ ಈ ಸೀಮೆಯ ತರುಣರು ದುಡಿಮೆಯನ್ನರಸಿ ಮಲ್ಪೆ ಮಂಗಳೂರುಗಳ ಮೀನುಗಾರಿಕೆಯ ದೋಣಿಗಳನ್ನು ಸೇರುವುದುಂಟು. ಆ ಊರಿಗೆ ನಾವು ಹೋಗಿದ್ದಾಗ ಅಂಥ ಒಬ್ಬ ಹುಡುಗನ ತಾಯಿ ನಮ್ಮನ್ನು ಕೇಳಿದ ಒಂದು ಪ್ರಶ್ನೆಯೇ ಈ ಲೇಖನಕ್ಕೆ ಮೂಲವು.

“ಯಪ್ಪಾ, ನೀವು ಓದಿದವರು. ಕಡಲಿಗೆ ತಳ ಅಂಬೋದು ಐತೇನ್ರಿ? ನನ್ನ ಮಗ ಅದರ ಮ್ಯಾಲ ದುಡೀತಾನ. ಅದರ ಕೆಳಗ ಏನೈತಿ ಅಂತ ಯಾರೂ ಹೇಳವಲ್ಲರು” ಎಂದು ಆಕೆ ಕೇಳಿದಳು.

ತಳವುಂಟು ಎಂದು ಹೇಳಿದೆವು. ಆದರೆ ಎಂಥ ತಳ, ಎಷ್ಟು ಆಳ, ಅದನ್ನು ಕಂಡವರು ಯಾರು, ಎಂದು ಆಕೆ ಮೇಲಿಂದ ಮೇಲೆ ಕೇಳತೊಡಗಿದಾಗ ನಮ್ಮ ಉತ್ತರವು ಅಷ್ಟು ಸುಲಭವಾಗಿ ಮುಗಿಯಲಿಲ್ಲ. ಆ ಸಂಜೆ ಜಗಲಿಯ ಮೇಲೆ ಕುಳಿತು ಆಕೆಗೆ ಹೇಳಿದುದನ್ನೇ ಇಲ್ಲಿ ತುಸು ವಿಸ್ತರಿಸಿ ಬರೆದಿರುವೆವು. ವಾಚಕರು ನಮ್ಮೊಡನೆ ಮಂಗಳೂರಿನ ತಡಿಯಿಂದ ನೈಋತ್ಯ ದಿಕ್ಕಿಗೆ, ಅರಬ್ಬೀ ಸಮುದ್ರವು ಪೂರ್ತಿಯಾಗಿ ಬತ್ತಿದೆಯೆಂದು ಭಾವಿಸಿಕೊಂಡು, ಕಾಲ್ನಡಿಗೆಯಲ್ಲಿ ಹೊರಡಬೇಕು. ಸುಮಾರು 1,600 ಕಿಲೋಮೀಟರುಗಳ ದಾರಿ ಇದು.

ತಡಿಯನ್ನು ಬಿಟ್ಟೊಡನೆ ನೆಲವು ಧುಮುಕುವುದೆಂದು ಬಯಲುಸೀಮೆಯವರು ಸಾಮಾನ್ಯವಾಗಿ ಎಣಿಸುವರು. ಹಾಗಿಲ್ಲ. ಮೊದಲು ಸಿಗುವುದು ಹೆಚ್ಚು ಕಡಿಮೆ ಸಮನಾದ ಒಂದು ಹಾಸು. ಇದಕ್ಕೆ ಖಂಡಾವರಣ ಪ್ರದೇಶವೆಂದು ಹೆಸರು. ಗೋವೆಯ ಎದುರು ಇದರ ಅಗಲವು ಸುಮಾರು 120 ಕಿಲೋಮೀಟರು. ಕೊಚ್ಚಿಯ ಎದುರು ಸುಮಾರು 60. ಮುಂಬಯಿಗೂ ಬಡಗಲಲ್ಲಿ, ದಮನಿನ ಎದುರು, 300ಕ್ಕೂ ಮಿಕ್ಕು. ನಮ್ಮ ಕರಾವಳಿಯ ಹಾಸಿನ ಅಗಲವು ಗೋವೆ ಕೊಚ್ಚಿಗಳ ಅಳತೆಗಳ ನಡುವೆ ಬರುವುದು. ಇಷ್ಟು ದೂರ ನಡೆದರೂ ನಾವು ಇಳಿದಿರುವ ಆಳವು 100 ಮೀಟರಿನ ಆಸುಪಾಸು ಮಾತ್ರ. ಅಂದರೆ ಒಂದು ಕಿಲೋಮೀಟರು ನಡೆದರೆ ಒಂದೆರಡು ಮೀಟರಿನಷ್ಟು ಇಳಿತ. ಕಣ್ಣಿಗೆ ಈ ಇಳಿತವು ಕಾಣುವುದೇ ಇಲ್ಲ; ಎರೆಹೊಲದಲ್ಲಿ ನಡೆದಂತೆಯೇ ಇರುವುದು.

ಕರಾವಳಿಯ ಬೆಸ್ತರು ಆಳವನ್ನು ಮಾರುಗಳಲ್ಲಿ ಹೇಳುವರು. ಎರಡು ತೋಳುಗಳನ್ನು ಚಾಚಿದಾಗ ಬೆರಳ ತುದಿಯಿಂದ ಬೆರಳ ತುದಿಗೆ ಎಷ್ಟಾಗುವುದೋ ಅದು ಒಂದು ಮಾರು, ಸುಮಾರು 1.8 ಮೀಟರು. ಹಗ್ಗವನ್ನು ನೀರಿಗಿಳಿಸಿ ಮೇಲೆತ್ತುವಾಗ ತೋಳಿನಿಂದ ತೋಳಿಗೆ ಅಳೆದುಕೊಳ್ಳುವುದರಿಂದ ಬಂದ ಲೆಕ್ಕವಿದು. ದಡದಿಂದ ಮೂವತ್ತು ಕಿಲೋಮೀಟರು ಹೋದರೆ ಸುಮಾರು ಮೂವತ್ತು ಮಾರು ನೀರು ಸಿಗಬಹುದು. ಪಾಮನಕಲ್ಲೂರಿನ ಆ ತಾಯಿಯ ಹೊಲದಲ್ಲಿ 300 ಅಡಿ ಕೊರೆದರೂ ನೀರು ಬಾರದ ಒಂದು ಕೊಳವೆಬಾವಿ ಇದ್ದಿತು. 300 ಅಡಿಯೆಂದರೆ ಐವತ್ತು ಮಾರು. ಮಗನು ಬಲೆ ಬೀಸುವ ಕಡಲಿನ ಆಳವು ಆ ಒಣ ಬಾವಿಗಿಂತ ಕಡಿಮೆ ಎಂದು ನಾವು ಹೇಳಿದಾಗ ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಮುಳುಗೋನಿಗೆ ಎರಡಾಳು ನೀರಾದ್ರೂ ಸಾಕಲ್ಲರೀ” ಎಂದಳು. ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಆದರೂ ಆಳವು ಕಡಿಮೆಯೆಂಬುದರಿಂದ ಒಂದು ಪ್ರಯೋಜನವುಂಟು. 2018ರ ಡಿಸೆಂಬರ್ ನಡುವಿನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಎಂಬ ದೋಣಿಯು ಏಳು ಮಂದಿ ಮೀನುಗಾರರೊಡನೆ ಕಣ್ಮರೆಯಾಯಿತು. ತಿಂಗಳುಗಟ್ಟಲೆ ಹುಡುಕಿದ ಮೇಲೆ, 2019ರ ಮೇ ತಿಂಗಳ ಮೊದಲಲ್ಲಿ, ಅದರ ಅವಶೇಷವು ಮಹಾರಾಷ್ಟ್ರದ ಮಾಲ್ವಣದ ತಡಿಯಿಂದ ಸುಮಾರು 33 ಕಿಲೋಮೀಟರು ದೂರದಲ್ಲಿ, ಸುಮಾರು 60 ಮೀಟರು ಆಳದಲ್ಲಿ ಸಿಕ್ಕಿತೆಂದು ನೌಕಾಪಡೆಯವರು ತಿಳಿಸಿದರು. ಅದು ಬಿದ್ದುದು ಖಂಡಾವರಣದ ಹಾಸಿನ ಮೇಲೆ. ಶಬ್ದದ ಯಂತ್ರದಿಂದ ತಳವನ್ನು ತಡಕಿ ನೋಡಲು, ಮುಳುಗುಗಾರರು ಕೆಳಗಿಳಿಯಲು ಸಾಧ್ಯವಾದ ಆಳವದು. ಇನ್ನೂ ನೂರು ಕಿಲೋಮೀಟರು ಪಡುವಣಕ್ಕೆ ಹೋಗಿ ಮುಳುಗಿದ್ದರೆ ಯಾವ ಮುಳುಗುಗಾರನಿಗೂ ಅದು ನಿಲುಕುತ್ತಿರಲಿಲ್ಲ. ಅದೇಕೆಂಬುದು ಮುಂದೆ ತಿಳಿಯುವುದು.

ಈ ಹಾಸಿನ ಮೈಯೂ ಎಲ್ಲೆಡೆ ಒಂದೇ ತೆರನಾಗಿಲ್ಲ. ತಡಿಯ ಸಮೀಪದಲ್ಲಿ ನದಿಗಳು ತಂದು ಸುರಿದ ನುಣ್ಣನೆಯ ಕೆಸರಿರುವುದು. ಸುಮಾರು 50–60 ಮೀಟರುಗಳ ಆಳವನ್ನು ದಾಟಿದರೆ ಕೆಸರು ತೆಳುವಾಗಿ ಮರಳು, ಚಿಪ್ಪಿನ ಚೂರು, ಸುಣ್ಣಕಲ್ಲಿನ ಗಟ್ಟಿನೆಲ ಕಾಣುವುವು. ಬಲೆ ಎಳೆಯುವವರು ಇದನ್ನು ಬಲ್ಲರು. ಕೆಸರಿನಲ್ಲಿ ಬಲೆ ಜಾರುವುದು, ಕಲ್ಲಿನಲ್ಲಿ ಸಿಕ್ಕಿ ಹರಿಯುವುದು. ಹಿಂದಿನ ನಾವಿಕರು ಆಳ ನೋಡುವ ಸೀಸದ ಗುಂಡಿನ ಬುಡದಲ್ಲಿ ಒಂದು ಕುಳಿ ಮಾಡಿ ಅದಕ್ಕೆ ಕೊಬ್ಬನ್ನು ಮೆತ್ತುತ್ತಿದ್ದರು. ತಳದ ಮರಳೋ ಕೆಸರೋ ಅದಕ್ಕಂಟಿ ಮೇಲಕ್ಕೆ ಬರುತ್ತಿತ್ತು.

ಹಾಸಿನ ಹೊರಗಣ ಅಂಚಿನಿಂದ ಎತ್ತಿದ ಸುಣ್ಣದ ಮರಳಿನಲ್ಲಿ ಸಾಸಿವೆ ಕಾಳಿಗಿಂತ ಚಿಕ್ಕವಾದ ಗುಂಡನೆಯ ಕಣಗಳು ಸಿಕ್ಕಿವೆ. ಇವನ್ನು ಸೀಳಿ ನೋಡಿದರೆ ಈರುಳ್ಳಿಯಂತೆ ಸುತ್ತುಸುತ್ತಾಗಿ ಪದರಗಳಿರುವುವು. ಬೆಚ್ಚನೆಯ ನೀರು ಕೆಲವೇ ಮೀಟರುಗಳ ಆಳದಲ್ಲಿ ಅಲೆಯ ಹೊಯ್ದಾಟದಿಂದ ಕಣಗಳನ್ನು ಉರುಳಿಸುತ್ತಿದ್ದಲ್ಲದೆ ಇಂಥವು ಹುಟ್ಟಲಾರವು. ಈಗ ಅವು ಬಿದ್ದಿರುವುದು 80–100 ಮೀಟರುಗಳ ಆಳದಲ್ಲಿ! ಅವುಗಳ ವಯಸ್ಸನ್ನು ಅಳೆದಾಗ ಸುಮಾರು ಹತ್ತು ಸಾವಿರ ವರ್ಷಗಳೆಂದು ತಿಳಿಯಿತು. ಇದರಿಂದ ತೀರ್ಮಾನವಾಗುವುದೇನು? ಆ ಕಾಲಕ್ಕೆ ಕಡಲಿನ ಅಂಚು ಅಲ್ಲಿಯೇ ಇದ್ದಿತು. ಸುಮಾರು ಇಪ್ಪತ್ತು ಸಾವಿರ ವರ್ಷಗಳ ಹಿಂದೆ ಭೂಮಿಯ ನೀರಿನಲ್ಲಿ ಒಂದು ಪಾಲು ಧ್ರುವಪ್ರಾಂತಗಳಲ್ಲಿ ಹಿಮವಾಗಿ ನಿಂತುದರಿಂದ ಸಮುದ್ರವು ಈಗಿನದಕ್ಕಿಂತ ಸುಮಾರು 120 ಮೀಟರು ಕೆಳಗಿದ್ದಿತು. ನಾವೀಗ ನಡೆದುಬಂದ ಹಾಸೆಲ್ಲ ಆಗ ಒಣನೆಲ. ನೇತ್ರಾವತಿಯೂ ಶರಾವತಿಯೂ ಅದರ ಮೇಲೆ ಹರಿದು ಇನ್ನಷ್ಟು ದೂರ ಹೋಗಿ ಕಡಲು ಸೇರುತ್ತಿದ್ದುವು. ಆದುದರಿಂದ ಖಂಡಾವರಣವು ನಿಜವಾಗಿ ಸಮುದ್ರದ ತಳವಲ್ಲ. ನಮ್ಮ ನಾಡಿನದೇ ಒಂದು ಅಂಚು, ನೀರು ಏರಿ ಮುಚ್ಚಿದ ಹೊಲ.

ಈ ಹಾಸಿನ ಕೊನೆಯಲ್ಲಿ ನಿಂತರೆ ಆಗುಂಬೆಯ ಘಟ್ಟದ ಅಂಚಿನಲ್ಲಿ ನಿಂತಂತೆ. ಇಲ್ಲಿಂದ ಮುಂದೆ ನೆಲವು ಇಳಿಯತೊಡಗುವುದು. ಇದು ಖಂಡಾವರಣದ ಇಳಿಜಾರು. ಕೆಲವೇ ಹತ್ತಾರು ಕಿಲೋಮೀಟರುಗಳಲ್ಲಿ ಆಳವು ನೂರರಿಂದ ಎರಡು ಸಾವಿರ ಮೀಟರುಗಳ ಸಮೀಪಕ್ಕೆ ಹೋಗುವುದು. ಲೋಕದ ಇಳಿಜಾರುಗಳನ್ನೆಲ್ಲ ಸರಾಸರಿ ಮಾಡಿದರೆ ಹದಿನಾಲ್ಕು ಹೆಜ್ಜೆ ಮುಂದಿಟ್ಟಾಗ ಒಂದು ಹೆಜ್ಜೆಯಷ್ಟು ಕೆಳಗಿಳಿದಂತಾಗುವುದು. ನಡೆಯುವವನಿಗೆ ಇದು ಕಡಿದಾದ ಗೋಡೆಯಲ್ಲ, ಬಂಡಿಯ ಎತ್ತುಗಳು ಹಿಂಜರಿಯುವಂಥ ಇಳಿಜಾರು. ಆದರೆ ಅದು ಬಿಡುವಿಲ್ಲದೆ ಮುಂದುವರಿಯುವುದರಿಂದ ಮೊತ್ತದಲ್ಲಿ ಘಟ್ಟಗಳ ಎತ್ತರವನ್ನೂ ಮೀರುವುದು.

ಇಲ್ಲಿಯೇ ನೆಲವು ಏಕೆ ಇಳಿಯಬೇಕು? ನದಿಯು ಕೊರೆದುದರಿಂದಲ್ಲ, ಕೆಳಗಿನ ಬಂಡೆಯೇ ಬೇರೆಯಾಗುವುದರಿಂದ. ಪಾಮನಕಲ್ಲೂರಿನ ಕೆಳಗಿರುವ ಖಂಡದ ಚಿಪ್ಪು ಬಹಳ ದಪ್ಪ. ಸುಮಾರು 35 ಕಿಲೋಮೀಟರುಗಳಿಗೆ ಕಡಿಮೆಯಿಲ್ಲ. ಕಣಶಿಲೆಯಂಥ ಹಗುರ ಬಂಡೆಗಳು ಅದರಲ್ಲಿ ಹೆಚ್ಚು. ಆಳಸಾಗರದ ಕೆಳಗಿನ ಚಿಪ್ಪು ಬಸಾಲ್ಟ್ ಎಂಬ ಭಾರವಾದ ಕಪ್ಪು ಕಲ್ಲಿನದು. ದಪ್ಪ ಸುಮಾರು 7 ಕಿಲೋಮೀಟರು ಮಾತ್ರ. ಎರಡೂ ಕೆಳಗಿನ ಇನ್ನೂ ಭಾರವಾದ, ಬಲು ನಿಧಾನವಾಗಿ ಹರಿಯುವ ಶಿಲೆಯ ಮೇಲೆ ತೇಲುತ್ತಿರುವುವು. ನೀರಿನಲ್ಲಿ ದಪ್ಪ ದಿಮ್ಮಿಯು ಮೇಲೆದ್ದು ತೇಲುವುದು, ತೆಳು ಹಲಗೆಯು ನೀರಿನ ಮಟ್ಟಕ್ಕೇ ಒರಗಿರುವುದು. ಹಾಗೆಯೇ ಇದೂ. ಖಂಡವು ಮೇಲೆ, ಸಾಗರದ ತಳವು ಕೆಳಗೆ. ಇಳಿಜಾರು ಇವೆರಡರ ಬೆಸುಗೆ.

ಬೆಸುಗೆಯ ಮೇಲೆ ಕೂಡಿದ ಕೆಸರು ಒಮ್ಮೊಮ್ಮೆ ಸಡಿಲಿ ಜಾರುವುದುಂಟು. 2015ರಲ್ಲಿ ‘ಜೋಯಿಡಿಸ್ ರೆಸಲ್ಯೂಷನ್’ ಎಂಬ ಕೊರೆಯುವ ಹಡಗು ಭಾರತದ ಪಡುವಣ ಕಡಲಿನ ಲಕ್ಷ್ಮೀ ಜಲಾನಯನದಲ್ಲಿ, ಮೂರೂವರೆ ಕಿಲೋಮೀಟರಿಗೂ ಮಿಕ್ಕ ನೀರಿನ ಕೆಳಗೆ, ತಳವನ್ನು ಒಂದು ಕಿಲೋಮೀಟರಿಗೂ ಹೆಚ್ಚು ಕೊರೆದು ಕಂಬದಂಥ ಮಾದರಿಗಳನ್ನೆತ್ತಿತು. ಪದರಗಳನ್ನು ಓದುತ್ತ ಹೋದ ವಿಜ್ಞಾನಿಗಳಿಗೆ ಒಂದೆಡೆ ನೂರಾರು ಮೀಟರು ದಪ್ಪದ ಕಲಸುಮೇಲೋಗರ ಸಿಕ್ಕಿತು. ಪದರಗಳು ಮಡಚಿ ಮುರಿದಿದ್ದುವು. ತೆಳುನೀರಿನಲ್ಲಿ ಮಾತ್ರ ಹುಟ್ಟುವ ಸುಣ್ಣಕಲ್ಲಿನ ತುಂಡುಗಳು ಆ ಆಳದಲ್ಲಿದ್ದುವು. ಮೇಲಿನಿಂದ ಜಾರಿಬಂದುದಲ್ಲದೆ ಅವು ಅಲ್ಲಿರಲು ಬೇರೆ ದಾರಿಯಿಲ್ಲ. ಸುಮಾರು ಒಂದು ಕೋಟಿ ವರ್ಷಗಳ ಹಿಂದೆ ಸಂಭವಿಸಿದ ಈ ಭಾರೀ ಕುಸಿತಕ್ಕೆ ನಟರಾಜನ ಹೆಸರನ್ನಿಟ್ಟಿರುವರು.

ಇಳಿಜಾರನ್ನು ಮುಗಿಸಿದೊಡನೆ ನಮ್ಮ ದಾರಿಯಲ್ಲಿ ಮತ್ತೆ ಒಂದು ಏರು ಬರುವುದು. ಮಂಗಳೂರಿನಿಂದ ಸುಮಾರು ಇನ್ನೂರೈವತ್ತು ಕಿಲೋಮೀಟರಿನಲ್ಲಿ ಕಿಲ್ತಾನ್ ದ್ವೀಪವು ಅದರ ತಲೆಯ ಮೇಲಿರುವುದು. 1956ರವರೆಗೆ ಕಿಲ್ತಾನ್, ಅಮಿನಿ, ಕದಮತ್ ಮುಂತಾದ ದ್ವೀಪಗಳು ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲಿದ್ದುವು. ಅಲ್ಲಿನ ತೆಂಗಿನ ನಾರು ಮಂಗಳೂರಿನ ಬಂದರಿಗೆ ಬರುತ್ತಿತ್ತು. ಹಡಗಿನಿಂದ ನೋಡುವವರಿಗೆ ಅವು ನೀರಿನ ಮೇಲಿನ ಒಂದು ಹಿಡಿ ಮರಳು. ತಳದಿಂದ ನೋಡುವ ನಮಗಾದರೋ ಅವು ಮಹಾ ಏಣಿನ ಶಿಖರಗಳು. ದಖ್ಖನಿನ ಕಪ್ಪುಕಲ್ಲನ್ನು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಗುಳಿದ ಬೆಂಕಿಯ ಬುಗ್ಗೆಯ ಮೇಲೆ ಭಾರತವು ಬಡಗಣಕ್ಕೆ ಸರಿಯುತ್ತ ಹೋದಾಗ ಬಿದ್ದ ಬರೆಯ ಸಾಲೇ ಈ ಏಣು ಎಂದು ಭೂವಿಜ್ಞಾನಿಗಳು ಹೇಳುವರು. ಆ ಬೆಟ್ಟಗಳು ಮುಳುಗುತ್ತ ಹೋದಂತೆ ಹವಳದ ಹುಳುಗಳು ಮೇಲೆ ಮೇಲೆ ಮನೆ ಕಟ್ಟಿ ಬೆಳಕಿನ ಮಟ್ಟವನ್ನು ಬಿಡದೆ ಕಾಯ್ದುಕೊಂಡಿವೆ.

ಅದನ್ನು ದಾಟಿ ಇಳಿದರೆ ನಾವು ನಿಜವಾದ ಆಳವನ್ನು ಸೇರುವೆವು. ಆಳವು 4,000 ಮೀಟರುಗಳನ್ನು ಮೀರಿರುವುದು. ಇದು ಆಳಸಾಗರದ ಮೈದಾನ. ಸಾವಿರ ಹೆಜ್ಜೆ ನಡೆದರೂ ಒಂದು ಹೆಜ್ಜೆಯ ಏರಿಳಿತವಿಲ್ಲ. ನೆಲದ ಮೇಲೆ ಇಷ್ಟು ಸಮನಾದ ಬಯಲು ಬಲು ವಿರಳ. ಇದು ಸಮನಾದ ರೀತಿಯನ್ನು ನಮ್ಮ ಕಡೆಯ ರೈತನು ಬೇಗನೆ ಅರಿಯುವನು. ಹಳೆಯ ಕೆರೆಯಲ್ಲಿ ನೀರು ಬತ್ತಿದಾಗ ಅಂಗಳವು ಹೇಗೆ ನುಣ್ಣಗಿರುವುದು! ಅಡಿಯಲ್ಲಿ ಕಲ್ಲುಬಂಡೆಗಳೂ ಹಳ್ಳಗಳೂ ಇದ್ದರೂ ಹೂಳು ತುಂಬಿ ಎಲ್ಲವನ್ನೂ ಒಂದೇ ಮಟ್ಟಕ್ಕೆ ತಂದಿರುವುದು. ಇಲ್ಲಿಯ ಹೂಳು ಬಹುಪಾಲು ಸಿಂಧೂ ನದಿಯದು. ಹಿಮಾಲಯವನ್ನು ತೊಳೆದು ತಂದ ಮಣ್ಣನ್ನು ಆ ನದಿಯು ಬಡಗಣದಿಂದ ಸುರಿಯುತ್ತ ಬಂದು, ಕಡಲ ತಳದಲ್ಲಿ 1,500 ಕಿಲೋಮೀಟರುಗಳಷ್ಟು ಉದ್ದದ ಬೀಸಣಿಗೆಯಾಕಾರದ ರಾಶಿಯನ್ನು ಮಾಡಿರುವುದು. ಇಳಿಜಾರಿನಲ್ಲಿ ಕೆಸರು ಬೆರೆತ ಭಾರದ ನೀರು ಹೊಳೆಯಂತೆ ನುಗ್ಗಿ ಬಂದು, ಮೈದಾನದಲ್ಲಿ ವೇಗ ಕಳೆದುಕೊಂಡು, ಮೊದಲು ದಪ್ಪ ಮರಳನ್ನೂ ಆಮೇಲೆ ನುಣ್ಣನೆಯ ಮಣ್ಣನ್ನೂ ಇಳಿಬಿಡುವುದು. ಹೀಗೆ ಕೆಳಗೆ ದಪ್ಪ, ಮೇಲೆ ನುಣುಪು ಎಂಬ ಜೋಡಿಯು ಕೊರೆದೆತ್ತಿದ ಮಾದರಿಯಲ್ಲಿ ಮತ್ತೆ ಮತ್ತೆ ಕಂಡರೆ ಪ್ರವಾಹಗಳು ಬಂದುಹೋದುವೆಂದು ತಿಳಿಯಬೇಕು.

ಇಂಥ ಆಳವನ್ನು ಅಳೆದವರಾರು ಎಂಬ ಆ ತಾಯಿಯ ಪ್ರಶ್ನೆಗೆ ಇಲ್ಲಿ ಉತ್ತರ ಹೇಳಬೇಕು. ಹಗ್ಗವನ್ನೋ ತಂತಿಯನ್ನೋ ಇಳಿಸಿ ಅಳೆಯುವ ಕಾಲದಲ್ಲಿ ನಾಲ್ಕು ಕಿಲೋಮೀಟರು ಇಳಿಸಿ ಎತ್ತುವುದಕ್ಕೆ ಗಂಟೆಗಟ್ಟಲೆ ಹಿಡಿಯುತ್ತಿತ್ತು; ಅಳೆದ ಚುಕ್ಕೆಗಳ ನಡುವೆ ನೂರಾರು ಕಿಲೋಮೀಟರು ಏನಿದೆಯೆಂದು ಯಾರಿಗೂ ತಿಳಿಯದು. ಮೊದಲನೆಯ ಮಹಾಯುದ್ಧದ ತರುವಾಯ ಪ್ರತಿಧ್ವನಿಯ ಯಂತ್ರವು ಬಂದಿತು. ಹಡಗಿನ ಬುಡದಿಂದ ಒಂದು ಶಬ್ದ ಮಾಡಿ ಅದು ತಳಕ್ಕೆ ತಾಗಿ ಮರಳುವವರೆಗಿನ ಕಾಲವನ್ನು ನೋಡುವುದಷ್ಟೆ. ನೀರಿನಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 1,500 ಮೀಟರು ಹೋಗುವುದು. 5.6 ಸೆಕೆಂಡಿಗೆ ಪ್ರತಿಧ್ವನಿಯು ಬಂದರೆ ಶಬ್ದವು ನಡೆದುದು 8,400 ಮೀಟರು. ಹೋಗಿ ಬಂದ ದಾರಿಯಾದುದರಿಂದ ಅರ್ಧ ಮಾಡಿದರೆ ಆಳವು 4,200 ಮೀಟರು.

ಲೆಕ್ಕವು ಸುಲಭವಾಗಿ ಕಂಡರೂ ಮೋಸಗಳುಂಟು. ಹಗಲಿನಲ್ಲಿ ಕೆಲವು ನೂರು ಮೀಟರುಗಳ ಆಳದಲ್ಲಿ ಒಂದು ಸುಳ್ಳು ತಳವು ಕಾಣಿಸುವುದು. ಸಂಜೆಯಾದೊಡನೆ ಅದು ಮೇಲಕ್ಕೇರಿಬಿಡುವುದು. ತಳವು ಏರುವುದುಂಟೆ? ಅದು ಕತ್ತಲಾದಾಗ ಮೇಯಲು ಮೇಲಕ್ಕೆ ಬರುವ ಸಣ್ಣ ಮೀನು ಸೀಗಡಿಗಳ ದಟ್ಟ ಗುಂಪು. ಏರಿಳಿಯುವುದರಿಂದಲೇ ಅದು ತಳವಲ್ಲವೆಂದು ಗೊತ್ತಾಗುವುದು. ಇನ್ನೊಂದು ಮೋಸ ಇನ್ನೂ ಸೂಕ್ಷ್ಮವಾದುದು. ಹಳೆಯ ಯಂತ್ರದ ಶಬ್ದವು ಛತ್ರಿಯಂತೆ ಹರಡಿಕೊಂಡು ಇಳಿಯುವುದು. ನಾಲ್ಕು ಕಿಲೋಮೀಟರು ಆಳದಲ್ಲಿ ಅದು ಸುಮಾರು ಎರಡು ಕಿಲೋಮೀಟರು ಅಗಲದ ವೃತ್ತವನ್ನು ಬೆಳಗಿದಂತಾಗುವುದು. ಆ ವೃತ್ತದಲ್ಲಿ ಯಾವುದು ಅತಿ ಹತ್ತಿರವೋ ಅದರ ಪ್ರತಿಧ್ವನಿಯೇ ಮೊದಲು ಬರುವುದರಿಂದ ಕಿರಿದಾದ ಕಣಿವೆಗಳು ಪಕ್ಕದ ಗುಡ್ಡಗಳ ಹಿಂದೆ ಅಡಗಿಬಿಡುವುವು. ಈಗಿನ ಹಡಗುಗಳು ನೂರಾರು ಕಿರಿದಾದ ಶಬ್ದಕಿರಣಗಳನ್ನು ಒಮ್ಮೆಗೇ ಬೀಸಣಿಗೆಯಂತೆ ಬಿಡುವುದರಿಂದ ಈ ದೋಷವು ಬಹಳ ಕಡಿಮೆಯಾಗಿರುವುದು. ಆದರೂ ಲೋಕದ ಸಾಗರತಳದಲ್ಲಿ ಹೀಗೆ ಅಳೆದುದು ಇಂದಿಗೂ ಕಾಲುಭಾಗದ ಆಸುಪಾಸು ಮಾತ್ರ. ಉಳಿದುದನ್ನು ಉಪಗ್ರಹಗಳಿಂದ ಊಹಿಸಿರುವರು. ಮುಳುಗಿದ ಬೆಟ್ಟವು ತನ್ನ ಆಕರ್ಷಣೆಯಿಂದ ಮೇಲಿನ ನೀರನ್ನು ತನ್ನೆಡೆಗೆ ಸೆಳೆದು ಕಡಲಿನ ಮೈಯನ್ನು ತುಸು ಉಬ್ಬಿಸುವುದು; ಆ ಉಬ್ಬನ್ನು ಅಳೆದು ಬೆಟ್ಟವನ್ನು ಊಹಿಸುವುದು. ಸಣ್ಣ ಗುಡ್ಡಗಳು ಈ ಉಪಾಯಕ್ಕೆ ಸಿಕ್ಕುವುದಿಲ್ಲ.

ಮೈದಾನವನ್ನು ದಾಟಿ ಮುಂದೆ ಹೋದಂತೆ ಹೂಳು ತೆಳುವಾಗುವುದು. ಕೆಳಗಿನ ಕಲ್ಲುಗುಡ್ಡಗಳು ತಲೆ ತೋರುವುವು. ನೆಲವು ಮೆಲ್ಲಮೆಲ್ಲನೆ ಏರುವುದು. ಕಟ್ಟಕಡೆಗೆ ನಾವು ಕಡಲಿನ ನಡುವೆ ಒಂದು ಪರ್ವತಶ್ರೇಣಿಯ ಮೇಲೆ ನಿಲ್ಲುವೆವು. ಡೆನ್ಮಾರ್ಕಿನ ‘ಡಾನಾ’ ಎಂಬ ಹಡಗು 1928ರಿಂದ 1930ರವರೆಗೆ ಲೋಕವನ್ನು ಸುತ್ತಿದಾಗ ಇದನ್ನು ಗುರುತಿಸಿ, ಆ ಯಾತ್ರೆಗೆ ಹಣವಿತ್ತ ಸಂಸ್ಥೆಯ ಹೆಸರಿನಿಂದ ಕಾರ್ಲ್ಸ್‌ಬರ್ಗ್ ಏಣು ಎಂದು ಕರೆದರು. ಬಳಿಕ 1933–34ರಲ್ಲಿ ಈಜಿಪ್ಟಿನ ‘ಮಬಾಹಿಸ್’ ಎಂಬ ಸಣ್ಣ ಹಡಗಿನಲ್ಲಿ ಜಾನ್ ಮರ್ರೇ ಯಾತ್ರೆಯು ಅರಬ್ಬೀ ಸಮುದ್ರಕ್ಕೆ ಬಂದಿತು. ಅದರ ನಾಯಕನಾದ ಸೇಮೂರ್ ಸೂಯೆಲ್ ಎಂಬಾತನು ಮೊದಲು ಭಾರತದ ಪ್ರಾಣಿಸರ್ವೇಕ್ಷಣ ಇಲಾಖೆಯ ಮುಖ್ಯಸ್ಥನಾಗಿದ್ದವನು. ಪ್ರತಿಧ್ವನಿಯ ಯಂತ್ರದಿಂದ ಅಳೆಯುತ್ತ ಹೋದಾಗ ಒಂದು ಸೋಜಿಗವು ಕಂಡಿತು. ಶ್ರೇಣಿಯ ನೆತ್ತಿಯು ಮೊನಚಾಗಿರಲಿಲ್ಲ. ಉದ್ದಕ್ಕೂ ಬೈತಲೆ ತೆಗೆದಂತೆ ನಡುವೆ ಆಳವಾದ ಕಣಿವೆಯೊಂದು ಸೀಳಿಕೊಂಡಿದ್ದಿತು. ಕಣಿವೆಯು ಹಲವು ಕಿಲೋಮೀಟರು ಅಗಲವಾಗಿದ್ದುದರಿಂದಲೇ ಆ ಹಳೆಯ ಯಂತ್ರಕ್ಕೂ ಅದು ಸಿಕ್ಕಿತು. 1937ರಲ್ಲಿ ಸೂಯೆಲ್ ಮತ್ತು ವೈಸ್‌ಮನ್ ಎಂಬಿಬ್ಬರು ಇದು ಪೂರ್ವ ಆಫ್ರಿಕದ ಸೀಳುಕಣಿವೆಗಳನ್ನು ಹೋಲುವುದೆಂದು ಬರೆದರು. ಆದರೆ ಏಕೆ ಸೀಳಿತೆಂಬುದು ಆಗ ತಿಳಿಯಲಿಲ್ಲ.

ಇಪ್ಪತ್ತೈದು ವರ್ಷಗಳ ಮೇಲೆ, 1962ರಲ್ಲಿ, ‘ಓವೆನ್’ ಎಂಬ ಇಂಗ್ಲಿಷ್ ಹಡಗು ಇದೇ ಏಣಿನ ಮೇಲೆ ಹಿಂದೆ ಮುಂದೆ ಓಡಾಡಿ ಕಾಂತಶಕ್ತಿಯನ್ನು ಅಳೆಯಿತು. ಕೇಂಬ್ರಿಜ್ಜಿನ ಡ್ರಮಂಡ್ ಮ್ಯಾಥ್ಯೂಸ್ ತಂದ ಆ ಅಳತೆಗಳನ್ನು ಆತನ ಶಿಷ್ಯನಾದ ಫ್ರೆಡ್ ವೈನ್ ಎಂಬ ತರುಣನು ಓದಿದನು. ಕೆಲವು ಕಡೆ ಬಂಡೆಗಳ ಕಾಂತತ್ವವು ಈಗಿನ ಬಡಗಣಕ್ಕೆ ಮುಖಮಾಡಿದ್ದರೆ ಕೆಲವು ಕಡೆ ತಿರುಗುಮುರುಗಾಗಿದ್ದಿತು. ಭೂಮಿಯ ಕಾಂತವು ಯುಗಯುಗಗಳಲ್ಲಿ ಹೀಗೆ ತಲೆಕೆಳಗಾಗಿರುವುದೆಂದು ಮೊದಲೇ ತಿಳಿದಿದ್ದಿತು. ಇಬ್ಬರೂ 1963ರ ಸೆಪ್ಟೆಂಬರಿನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದ ಲೇಖನದ ತಾತ್ಪರ್ಯವಿದು: ನಡುವಣ ಸೀಳಿನಲ್ಲಿ ಕರಗಿದ ಕಲ್ಲು ಮೇಲೆದ್ದು ಹೆಪ್ಪುಗಟ್ಟುವುದು, ಹೆಪ್ಪುಗಟ್ಟುವಾಗ ಆ ಕಾಲದ ಕಾಂತದ ದಿಕ್ಕನ್ನು ತನ್ನಲ್ಲಿ ಹಿಡಿದಿಡುವುದು, ಆಮೇಲೆ ಎರಡು ಹೋಳಾಗಿ ಇಬ್ಬದಿಗೂ ಸರಿಯುವುದು. ಕೆನಡದ ಮಾರ್ಲಿ ಎಂಬಾತನಿಗೂ ಬೇರೆಯಾಗಿಯೇ ಇದೇ ವಿಚಾರವು ಹೊಳೆದಿದ್ದಿತು. ನಮ್ಮ ಮನೆಯಂಗಳದಂತಿರುವ ಅರಬ್ಬೀ ಸಮುದ್ರದ ಈ ಏಣೇ ಸಾಗರತಳವು ಹರಡುವುದೆಂಬ ಸಿದ್ಧಾಂತಕ್ಕೆ ಸಾಕ್ಷಿ ನುಡಿಯಿತು.

ಹರಡುವ ವೇಗವನ್ನು ನಾವೂ ಲೆಕ್ಕ ಮಾಡಬಹುದು. ಭೂಮಿಯ ಕಾಂತವು ಕಡೆಯ ಬಾರಿ ಮಗುಚಿದ್ದು ಸುಮಾರು 7,80,000 ವರ್ಷಗಳ ಹಿಂದೆ. ಆ ಗಡಿಯ ಗುರುತು ಸೀಳಿನ ಒಂದು ಪಕ್ಕಕ್ಕೆ ಸುಮಾರು 9.4 ಕಿಲೋಮೀಟರು ದೂರದಲ್ಲಿ ಸಿಕ್ಕಿದರೆ ಆ ಪಕ್ಕವು ವರ್ಷಕ್ಕೆ 12 ಮಿಲಿಮೀಟರು ಸರಿಯುತ್ತಿದೆಯೆಂದಾಯಿತು. ಕಾರ್ಲ್ಸ್‌ಬರ್ಗ್ ಏಣಿನ ನಡೆಯು ಇದೇ ಸುಮಾರಿನದು. ನಮ್ಮ ಉಗುರು ವರ್ಷದಲ್ಲಿ ಬೆಳೆಯುವುದಕ್ಕಿಂತಲೂ ನಿಧಾನ.

ಮೈದಾನವು ಏಣಿಗಿಂತ ಆಳವಾಗಿರುವುದಕ್ಕೂ ಇದರಲ್ಲಿಯೇ ಕಾರಣವುಂಟು. ಹೊಸದಾಗಿ ಹುಟ್ಟಿದ ತಳವು ಬಿಸಿಯಾಗಿ ಉಬ್ಬಿಕೊಂಡಿರುವುದು. ಸಾಧಾರಣವಾಗಿ 2,500 ಮೀಟರು ಆಳದಲ್ಲಿರುವುದು. ತಣಿದಂತೆ ಕುಗ್ಗಿ, ಭಾರವಾಗಿ, ಕೆಳಗಿಳಿಯುವುದು. ಹತ್ತು ಲಕ್ಷ ವರ್ಷಕ್ಕೆ ಸುಮಾರು 350 ಮೀಟರು ಇಳಿದರೆ, ನಾಲ್ವತ್ತು ಲಕ್ಷಕ್ಕೆ ಅದರ ಎರಡರಷ್ಟು, ತೊಂಬತ್ತು ಲಕ್ಷಕ್ಕೆ ಮೂರರಷ್ಟು, ಒಂದು ಕೋಟಿ ಅರುವತ್ತು ಲಕ್ಷಕ್ಕೆ ನಾಲ್ಕರಷ್ಟು. ಮೊದಲು ಬೇಗ, ಆಮೇಲೆ ಮೆಲ್ಲಗೆ. ಒಲೆಯಿಂದಿಳಿಸಿದ ಹಂಚಿನ ಬಿಸಿಯೂ ಹೀಗೆಯೇ ಆರುವುದಲ್ಲವೆ? ಒಂದು ಕೋಟಿ ಅರುವತ್ತು ಲಕ್ಷ ವರ್ಷದ ತಳವು ವರ್ಷಕ್ಕೆ 12 ಮಿಲಿಮೀಟರಿನಂತೆ ಏಣಿನಿಂದ 192 ಕಿಲೋಮೀಟರು ಸರಿದಿರುವುದು. ಅದರ ಆಳವು 2,500ಕ್ಕೆ 1,400 ಸೇರಿ 3,900 ಮೀಟರು. ಈ ಲೆಕ್ಕವನ್ನು ನಮ್ಮ ತಡಿಯವರೆಗೂ ಎಳೆಯಲಾಗದು. ಏಷ್ಯಾ ಖಂಡಕ್ಕೆ ಡಿಕ್ಕಿ ಹೊಡೆಯುವ ಮೊದಲು ಭಾರತವು ಇದಕ್ಕಿಂತ ಎಷ್ಟೋ ಬೇಗ ಸರಿಯುತ್ತಿದ್ದಿತು. ಅಲ್ಲದೆ ಹಳೆಯ ತಳವನ್ನು ಹೂಳು ಮುಚ್ಚಿ ಆಳವನ್ನು ಕಡಿಮೆಮಾಡಿರುವುದು.

ಸೀಳಿನಲ್ಲಿ ನೀರಿಗೆ ಬಿದ್ದ ಬಿಸಿಕಲ್ಲು ಹೇಗಾಗುವುದೆಂಬುದನ್ನು ನೋಡಲು ಕಡಲಿಗೆ ಹೋಗಬೇಕಾಗಿಲ್ಲ. ನೀರು ತಾಗಿದೊಡನೆ ಹೊರಗಣ ಚರ್ಮವು ಗಟ್ಟಿಯಾಗಿ, ಒಳಗಿನ ದ್ರವವು ಉಬ್ಬಿ, ದಿಂಬುಗಳನ್ನು ಒಂದರ ಮೇಲೊಂದು ಒಟ್ಟಿದಂತೆ ಆಗುವುದು. ಮೇಲಿನ ದಿಂಬಿನ ಬುಡವು ಕೆಳಗಿನ ಎರಡರ ಸಂದಿಗೆ ಬಾಲದಂತೆ ಇಳಿದಿರುವುದು. ಬಾಲ ಯಾವ ಕಡೆಗೋ ಅದೇ ಆ ಕಾಲದ ಕೆಳಗು. ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ಇಂಥ ದಿಂಬುಗಲ್ಲುಗಳನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಕಾಪಾಡಿರುವರು. ಪಾಮನಕಲ್ಲೂರಿನ ನೆರೆಯಲ್ಲೇ ಇರುವ, ಚಿನ್ನದ ಗಣಿಗೆ ಹೆಸರಾದ ಹಟ್ಟಿ-ಮಸ್ಕಿ ಶಿಲಾಪಟ್ಟಿಯ ಕರಿಹಸುರು ಕಲ್ಲುಗಳಲ್ಲಿಯೂ ಇಂಥ ದಿಂಬುಗಳ ಗುರುತುಗಳಿರುವುವು. ಕಾಲದ ಒತ್ತಡಕ್ಕೆ ಸಿಕ್ಕಿ ಅವು ಎಳೆದು ಚಪ್ಪಟೆಯಾಗಿರುವುದರಿಂದ ಪರಿಚಯವಿಲ್ಲದ ಕಣ್ಣಿಗೆ ಬೇಗ ತೋರವು. ವಯಸ್ಸು 250 ಕೋಟಿ ವರ್ಷಗಳಿಗೂ ಮಿಕ್ಕುದು. ಅವು ನಡುಗಡಲ ಏಣಿನಲ್ಲಿಯೇ ಹುಟ್ಟಿದುವೆಂದು ದಿಂಬಿನಾಕಾರವೊಂದರಿಂದಲೇ ಹೇಳಲಾಗದು. ನೀರಿನ ಕೆಳಗೆ ಹುಟ್ಟಿದುವೆಂಬುದು ಮಾತ್ರ ನಿಶ್ಚಯ.

ಮರುದಿನ ಹೊರಡುವಾಗ, ಮಸ್ಕಿಯ ಕಡೆಯ ಗುಡ್ಡದ ಬುಡದಲ್ಲಿ ಆರಿಸಿಕೊಂಡಿದ್ದ ಅಂಥದೊಂದು ಕರಿಕಲ್ಲನ್ನು ಆ ತಾಯಿಯ ಕೈಗಿತ್ತು, ಇದೂ ಒಂದು ಕಾಲಕ್ಕೆ ಕಡಲ ತಳವಾಗಿದ್ದಿತವ್ವಾ ಎಂದೆವು. ಆಕೆ ಅದನ್ನು ಸೆರಗಿನಿಂದ ಒರೆಸಿ, ತಿರುವಿ ನೋಡಿ, ದೇವರ ಗೂಡಿನ ಪಕ್ಕದಲ್ಲಿಟ್ಟಳು. “ಮಗ ಹಬ್ಬಕ್ಕ ಬಂದಾಗ ತೋರಸ್ತೀನ್ರಿ. ಎಷ್ಟು ಮಾರು ಅಂತ ಅವನ್ನ ಕೇಳ್ತೀನಿ” ಎಂದಳು.